ಸೂರ್ಯಗರ್ಭದಿಂದ ಹೊರಬರಲು ಬೆಳಕಿಗೇಕೆ ಇಷ್ಟು ಕಾಲ?

(ಶತಮಾನೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಪಠ್ಯ)



ಶಾಲೆಯ ಇತಿಹಾಸವನ್ನು ಹೇಳುವವರು ಇಂದು ಬಹಳ ಮಂದಿ ಇದ್ದಾರೆ. ನಾವು ಆ ಕೆಲಸಕ್ಕೆ ಕೈಹಾಕುವುದಿಲ್ಲ. ನಮ್ಮಿಂದ ಆದ ಒಂದು ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ. ಈ ಸಭೆಯಲ್ಲಿರುವ ಅನೇಕರ ಟಿಪ್ಪಣಿ ಪುಸ್ತಕದಲ್ಲಿ ಆ ತಪ್ಪು ನಮ್ಮ ಬಾಯಿಂದಲೇ ಇಳಿದಿದೆ.

ವಿಜ್ಞಾನದ ಶಿಕ್ಷಕರ ಹುದ್ದೆ ಖಾಲಿಯಿದ್ದ ಕೆಲವು ವರ್ಷ ಹತ್ತನೆಯ ತರಗತಿಯ ವಿಜ್ಞಾನವನ್ನೂ ನಾವೇ ಬೋಧಿಸಿದೆವು. ನಮ್ಮ ಎಂ.ಎ. ಪದವಿ ಕನ್ನಡ ಸಾಹಿತ್ಯದ್ದು. ಹಿಂದಿನವರು ಬಿಟ್ಟುಹೋಗಿದ್ದ ಟಿಪ್ಪಣಿಯನ್ನು ನಂಬಿ, "ಸೂರ್ಯನ ಕೇಂದ್ರದಲ್ಲಿ ಹುಟ್ಟಿದ ಬೆಳಕಿನ ಕಿರಣವು ಮೇಲ್ಮೈ ತಲುಪಲು ಹತ್ತು ಲಕ್ಷ ವರ್ಷ ಬೇಕು" ಎಂದು ವರ್ಷ ವರ್ಷವೂ ಬರೆಸಿದೆವು. ಒಂದು ಸಲ ಒಬ್ಬ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ "ಸುಮಾರು 1,70,000 ವರ್ಷ" ಎಂದು ಬರೆದಳು. ನಾವು ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು ಎರಡು ಅಂಕ ಕಳೆದೆವು. ಆಕೆ ಅದನ್ನು ಯಾವುದೋ ಪತ್ರಿಕೆಯ ತುಣುಕಿನಲ್ಲಿ ಓದಿದ್ದಳಂತೆ. ಉತ್ತರಪತ್ರಿಕೆ ಹಿಡಿದು ಸಿಬ್ಬಂದಿ ಕೋಣೆಯ ಬಾಗಿಲಿಗೆ ಬಂದು ನಿಂತು ಕೇಳಿದಳು: "ಟೀಚರ್, ಆ ಬೆಳಕು ಒಂದೊಂದು ಹೆಜ್ಜಿ ಎಷ್ಟು ಉದ್ದ ಇಡ್ತದಂತ ಹೇಳದೆ, ಎಷ್ಟು ವರ್ಷ ಅಂತ ಹೆಂಗ ಹೇಳ್ತೀರಿ?"

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಹೇಳಬೇಕೆಂದಿರುವುದು ಆ ಉತ್ತರವನ್ನೇ.

ಹಿರಿಯರಿಗೆ 1980ರ ಫೆಬ್ರವರಿ 16ರ ನೆನಪಿರಬಹುದು. ಶನಿವಾರ. ಅಂದಿನ ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ನೆಲವೇರಿ, ಹುಬ್ಬಳ್ಳಿ, ರಾಯಚೂರು ದಾಟಿ ನಮ್ಮ ಈ ಗಡಿಸೀಮೆಯ ಮೇಲೆಯೇ ಹಾದುಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರದಲ್ಲಿ ದೂರದರ್ಶಕಗಳೊಡನೆ ಬೀಡುಬಿಟ್ಟಿದ್ದರು. ನಾವಾಗ ಮಕ್ತಲ್ ಸಮೀಪದ ಹಳ್ಳಿಯಲ್ಲಿ ನಾಲ್ಕನೆಯ ತರಗತಿಯ ಹುಡುಗಿ. ವಿಜ್ಞಾನಿಗಳು ಅಷ್ಟು ದೂರದಿಂದ ಬಂದು ನೋಡಿದ್ದನ್ನು ನಾವು ಮನೆಯೊಳಗಿದ್ದು ಕಳೆದುಕೊಂಡೆವು. ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿ, ಅಜ್ಜಿ ಬಾಗಿಲಿಗೆ ಅಗುಳಿ ಹಾಕಿದ್ದರು. ಆದರೂ ಬಾಗಿಲ ಸಂದಿಯಿಂದ ಅಂಗಳದ ಬಿಸಿಲು ಬೂದಿಬಣ್ಣಕ್ಕೆ ತಿರುಗಿ, ದೀಪ ಆರಿಸಿದಂತೆ ಕತ್ತಲಾದುದನ್ನು ಕಂಡೆವು. ಹಕ್ಕಿಗಳು ಸುಮ್ಮನಾದವು. ಎರಡೂವರೆ ನಿಮಿಷದಷ್ಟರಲ್ಲಿ ಬೆಳಕು ಮರಳಿತು.

ಆ ಕತ್ತಲೆಯನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಚಂದ್ರನು ಅಡ್ಡ ಬಂದು ತಡೆದದ್ದು ಸೂರ್ಯನ ಮೇಲ್ಮೈಯನ್ನು ಬಿಟ್ಟು ಹೊರಟಿದ್ದ ಬೆಳಕನ್ನು. ಆದ್ದರಿಂದಲೇ ಕತ್ತಲೆ ಕೂಡಲೇ ಅಂಗಳಕ್ಕೆ ಬಂದಿತು. ಮೇಲ್ಮೈಯಿಂದ ನಮ್ಮವರೆಗಿನ ಹದಿನೈದು ಕೋಟಿ ಕಿಲೋಮೀಟರ್ ದಾರಿಗೆ ಬೆಳಕು ತೆಗೆದುಕೊಳ್ಳುವುದು ಕೇವಲ ಎಂಟು ನಿಮಿಷ ಚಿಲ್ಲರೆ. ಆದರೆ ಆ ಬೆಳಕಿನ ಶಕ್ತಿ ಹುಟ್ಟುವುದು ಮೇಲ್ಮೈಯಲ್ಲಲ್ಲ. ಸೂರ್ಯನ ನಟ್ಟನಡುವೆ, ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿಯಲ್ಲಿ, ಜಲಜನಕದ ಬೀಜಕಣಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುವಲ್ಲಿ ಅದು ಹುಟ್ಟುತ್ತದೆ. ಕೇಂದ್ರದಿಂದ ಮೇಲ್ಮೈಗೆ ಇರುವ ದೂರ ಏಳು ಲಕ್ಷ ಕಿಲೋಮೀಟರ್. ತಡೆಯೇ ಇಲ್ಲದಿದ್ದರೆ ಬೆಳಕು ಅದನ್ನು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ದಾಟಬೇಕಿತ್ತು. ಹಾಗಾದರೆ ತಡೆ ಯಾವುದು?

ಸೂರ್ಯನ ಕೇಂದ್ರದಲ್ಲಿರುವುದು ಅನಿಲವೇ ಆದರೂ ಮೇಲಿನ ಭಾರಕ್ಕೆ ಅದು ಎಷ್ಟು ಒತ್ತಾಗಿದೆಯೆಂದರೆ, ಅದೇ ಗಾತ್ರದ ನೀರಿಗಿಂತ ಸುಮಾರು ನೂರೈವತ್ತು ಪಟ್ಟು ತೂಗುತ್ತದೆ. ಅಷ್ಟು ಬಿಸಿಯಲ್ಲಿ ಪರಮಾಣುಗಳು ಇಡಿಯಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನುಗಳು ಕಳಚಿಕೊಂಡು ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ. ಬೆಳಕಿನ ಕಣ, ಅಂದರೆ ಫೋಟಾನು, ಹೊರಟ ಕೂಡಲೇ ಇಂಥ ಒಂದು ಎಲೆಕ್ಟ್ರಾನಿಗೆ ಸಿಕ್ಕಿ ದಿಕ್ಕು ಬದಲಿಸುತ್ತದೆ. ಇಲ್ಲವೇ ಬೀಜಕಣದ ಬಳಿ ಹಾಯುವ ಎಲೆಕ್ಟ್ರಾನು ಅದನ್ನು ನುಂಗಿಬಿಡುತ್ತದೆ. ಆ ಶಕ್ತಿ ಮುಂದೆ ಬೇರೊಂದು ಫೋಟಾನಾಗಿ ಬೇರೊಂದು ದಿಕ್ಕಿಗೆ ಚಿಮ್ಮುತ್ತದೆ. ದೀಪಾವಳಿ ಕಳೆದ ಮೇಲೆ ಕುರುಮೂರ್ತಿ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವರಿಗೆ ಈ ಅನುಭವವಿದೆ. ಕಾಲಲ್ಲಿ ಬಲವಿದ್ದರೂ ಹೋಗಬೇಕಾದ ಕಡೆಗೆ ಹೋಗಲಾಗುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಜಾತ್ರೆಗೆ ಹೋದವನಿಗೆ ಗುಡಿಯ ದಿಕ್ಕು ಗೊತ್ತಿರುತ್ತದೆ, ಫೋಟಾನಿಗೆ ಹೊರಗು ಯಾವುದು ಒಳಗು ಯಾವುದು ಎಂಬುದೇ ಇಲ್ಲ. ಅದರ ವೇಗವೂ ಕುಂದುವುದಿಲ್ಲ. ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಯವರೆಗೆ ಅದು ಬೆಳಕಿನ ವೇಗದಲ್ಲಿಯೇ ಹೋಗುತ್ತದೆ. ತಡವಾಗುವುದು ದಾರಿ ತಪ್ಪುವುದರಿಂದ.

ದಾರಿ ತಪ್ಪಿದವರು ಎಷ್ಟು ದೂರ ಹೋಗುತ್ತಾರೆ ಎಂಬುದಕ್ಕೆ ಒಂದು ಲೆಕ್ಕವಿದೆ. ಅದನ್ನು ಆ ವಿದ್ಯಾರ್ಥಿನಿಯೂ ಆಕೆಯ ಸಹಪಾಠಿಗಳೂ ನಮ್ಮ ಆಟದ ಮೈದಾನದಲ್ಲಿ ಮಾಡಿ ನೋಡಿದರು. ಮೈದಾನದ ನಡುವೆ ಸುಣ್ಣದಿಂದ ಗುರುತು ಹಾಕಿದೆವು. ಒಂದು ಡಬ್ಬಿಯಲ್ಲಿ ನಾಲ್ಕು ಚೀಟಿ: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಚೀಟಿ ಎತ್ತುವುದು, ಅದು ಹೇಳಿದ ದಿಕ್ಕಿಗೆ ಒಂದು ಹೆಜ್ಜೆ ಇಡುವುದು, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕುವುದು. ಹೀಗೆ ಒಬ್ಬೊಬ್ಬರೂ ನೂರು ಹೆಜ್ಜೆ. ನೇರ ನಡೆದಿದ್ದರೆ ನೂರು ಹೆಜ್ಜೆಯಲ್ಲಿ ಮೈದಾನದ ಗೋಡೆ ತಲುಪುತ್ತಿದ್ದರು. ಇಲ್ಲಿ ಒಬ್ಬ ಹುಡುಗ ನೂರು ಹೆಜ್ಜೆಯ ಕೊನೆಗೆ ಸುಣ್ಣದ ಗುರುತಿನ ಪಕ್ಕದಲ್ಲಿಯೇ ನಿಂತಿದ್ದ. ಇನ್ನೊಬ್ಬಳು ಹದಿನೇಳು ಹೆಜ್ಜೆಯಷ್ಟು ದೂರ ಹೋಗಿದ್ದಳು. ಹೆಚ್ಚಿನವರು ಹತ್ತು ಹೆಜ್ಜೆಯ ಆಸುಪಾಸಿನಲ್ಲಿದ್ದರು.

ನೂರಕ್ಕೆ ಹತ್ತೇ ಏಕೆ? ಇದನ್ನು ಕಪ್ಪುಹಲಗೆಯ ಮೇಲೆ ಒಂದೇ ಸಾಲಿನಲ್ಲಿ ತೋರಿಸಬಹುದು. ನೀವು ಗುರುತಿನಿಂದ ಮೂರು ಹೆಜ್ಜೆ ದೂರದಲ್ಲಿದ್ದೀರಿ ಎಂದಿಟ್ಟುಕೊಳ್ಳಿ. ಮೂರರ ವರ್ಗ ಒಂಬತ್ತು. ಮುಂದಿನ ಹೆಜ್ಜೆ ಹೊರಗೆ ಬಿದ್ದರೆ ದೂರ ನಾಲ್ಕು, ವರ್ಗ ಹದಿನಾರು. ಒಳಗೆ ಬಿದ್ದರೆ ದೂರ ಎರಡು, ವರ್ಗ ನಾಲ್ಕು. ಎಡಕ್ಕೋ ಬಲಕ್ಕೋ ಬಿದ್ದರೆ ಲಂಬಕೋನ ತ್ರಿಭುಜದ ನಿಯಮದಂತೆ ವರ್ಗ ಒಂಬತ್ತು ಮತ್ತು ಒಂದು, ಒಟ್ಟು ಹತ್ತು. ನಾಲ್ಕೂ ದಿಕ್ಕಿನ ಹದಿನಾರು, ನಾಲ್ಕು, ಹತ್ತು, ಹತ್ತನ್ನು ಕೂಡಿ ನಾಲ್ಕರಿಂದ ಭಾಗಿಸಿರಿ. ಸರಾಸರಿ ಹತ್ತು. ಮೊದಲು ಒಂಬತ್ತಿತ್ತು, ಈಗ ಹತ್ತಾಯಿತು. ಎಲ್ಲಿ ನಿಂತಿದ್ದರೂ ಹೀಗೆಯೇ: ಪ್ರತಿ ಹೆಜ್ಜೆಗೂ ದೂರದ ವರ್ಗ ಸರಾಸರಿಯಲ್ಲಿ ಒಂದರಷ್ಟೇ ಬೆಳೆಯುತ್ತದೆ. ನೂರು ಹೆಜ್ಜೆಯ ನಂತರ ವರ್ಗ ನೂರು, ದೂರ ಹತ್ತು. ತಿರುಗಿಸಿ ಹೇಳುವುದಾದರೆ, ಹತ್ತು ಹೆಜ್ಜೆ ದೂರ ಹೋಗಲು ನೂರು ಹೆಜ್ಜೆ ಇಡಬೇಕು, ಸಾವಿರ ಹೆಜ್ಜೆ ದೂರ ಹೋಗಲು ಹತ್ತು ಲಕ್ಷ ಹೆಜ್ಜೆ ಇಡಬೇಕು. ದೂರ ಎಷ್ಟು ಹೆಜ್ಜೆಯೋ, ಶ್ರಮ ಅಷ್ಟು ಪಟ್ಟು ಹೆಚ್ಚುತ್ತದೆ.

ಇನ್ನು ಈ ಲೆಕ್ಕವನ್ನು ಸೂರ್ಯನಿಗೆ ಹೊಂದಿಸೋಣ. ಫೋಟಾನಿನ ಹೆಜ್ಜೆ, ಅಂದರೆ ಎರಡು ಡಿಕ್ಕಿಗಳ ನಡುವಿನ ಅಂತರ, ಒಂದು ಸೆಂಟಿಮೀಟರ್ ಎಂದುಕೊಳ್ಳೋಣ. ಏಳು ಲಕ್ಷ ಕಿಲೋಮೀಟರಿನಲ್ಲಿ ಏಳು ಸಾವಿರ ಕೋಟಿ ಸೆಂಟಿಮೀಟರುಗಳಿವೆ. ಆದ್ದರಿಂದ ಫೋಟಾನು ನಡೆಯಬೇಕಾದ ಒಟ್ಟು ದಾರಿ ನೇರ ದಾರಿಯ ಏಳು ಸಾವಿರ ಕೋಟಿ ಪಟ್ಟು. ನೇರ ದಾರಿಗೆ ಎರಡು ಸೆಕೆಂಡು ಚಿಲ್ಲರೆ ಸಾಕಿತ್ತು. ಅದನ್ನು ಏಳು ಸಾವಿರ ಕೋಟಿಯಿಂದ ಗುಣಿಸಿದರೆ ಸುಮಾರು ಹದಿನಾರು ಸಾವಿರ ಕೋಟಿ ಸೆಕೆಂಡು ಬರುತ್ತದೆ. ಒಂದು ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡು. ಭಾಗಿಸಿದರೆ ಐದು ಸಾವಿರ ವರ್ಷಕ್ಕಿಂತ ತುಸು ಹೆಚ್ಚು.

ಹೆಜ್ಜೆಯನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ ಕಾಲ ಹತ್ತು ಪಟ್ಟಾಗಿ ಐವತ್ತು ಸಾವಿರ ವರ್ಷವಾಗುತ್ತದೆ. ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗಕ್ಕೆ ಇಳಿಸಿದರೆ ಹತ್ತು ಲಕ್ಷ ವರ್ಷವೇ ಆಗುತ್ತದೆ. ನಾವು ಬರೆಸಿದ ಅಂಕಿಗೆ ಅರ್ಥವಿರುವುದು ಇಲ್ಲಿ. ಸೂರ್ಯನ ನಟ್ಟನಡುವೆ ಹೆಜ್ಜೆ ನಿಜವಾಗಿಯೂ ಅಷ್ಟೇ ಚಿಕ್ಕದು. ಆದರೆ ಕೇಂದ್ರದ ಆ ದಟ್ಟಣೆ ಸೂರ್ಯನ ಉದ್ದಕ್ಕೂ ಇಲ್ಲ. ಹೊರಗೆ ಬಂದಂತೆ ಅನಿಲ ತೆಳುವಾಗುತ್ತದೆ, ಹೆಜ್ಜೆಯೂ ಉದ್ದವಾಗುತ್ತದೆ. ಕೇಂದ್ರದ ಹೆಜ್ಜೆಯನ್ನೇ ಇಡೀ ದಾರಿಗೆ ಹಚ್ಚಿದರೆ ಕಾಲ ವಿಪರೀತವಾಗಿ ಉಬ್ಬುತ್ತದೆ.

ಇದನ್ನು ಪದರ ಪದರವಾಗಿ ಲೆಕ್ಕ ಹಾಕಿದವರು ಮಿತಾಲಾಸ್ ಮತ್ತು ಸಿಲ್ಸ್ ಎಂಬ ಇಬ್ಬರು ವಿಜ್ಞಾನಿಗಳು, 1992ರಲ್ಲಿ. ಅವರಿಗೆ ಸಿಕ್ಕ ಸರಾಸರಿ ಹೆಜ್ಜೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ, 0.9 ಮಿಲಿಮೀಟರ್. ನಮ್ಮ ಮೈದಾನದ ಲೆಕ್ಕಕ್ಕೆ ಇದನ್ನು ಹಾಕಿದರೆ ಐವತ್ತೇಳು ಸಾವಿರ ವರ್ಷ ಬರುತ್ತದೆ. ಆದರೆ ಮೈದಾನ ಚಪ್ಪಟೆ, ಸೂರ್ಯ ಗೋಲ. ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಅಲೆಯುತ್ತ ಹೊರಕ್ಕೆ ಸೋರುವ ಬೆಳಕಿನ ಲೆಕ್ಕದಲ್ಲಿ ಮೂರರ ಗುಣಕವೊಂದು ಸೇರಿಕೊಳ್ಳುತ್ತದೆ. ಐವತ್ತೇಳು ಸಾವಿರದ ಮೂರು ಪಟ್ಟು, ಸುಮಾರು 1,70,000 ವರ್ಷ. ನಾವು ಕೆಂಪು ಗೆರೆ ಎಳೆದದ್ದು ಈ ಅಂಕಿಯ ಮೇಲೆ.

ಪುಸ್ತಕದಿಂದ ಪುಸ್ತಕಕ್ಕೆ ಐದು ಸಾವಿರ, ಐವತ್ತು ಸಾವಿರ, ಹತ್ತು ಲಕ್ಷ ಎಂದು ಅಂಕಿ ಬದಲಾಗುವುದನ್ನು ಕಂಡು ಪೋಷಕರು ಗೊಂದಲಪಡುವುದುಂಟು. ಬರೆದವರು ಹೆಜ್ಜೆಯನ್ನು ಎಷ್ಟೆಂದು ಹಿಡಿದರು ಎಂಬುದನ್ನು ನೋಡಿದರೆ ಆ ಗೊಂದಲದ ಮೂಲ ಸಿಗುತ್ತದೆ.

ನಮ್ಮ ಟಿಪ್ಪಣಿಯಲ್ಲಿ ಇನ್ನೊಂದು ತಪ್ಪಿತ್ತು, ಅದು ಅಂಕಿಗಿಂತಲೂ ದೊಡ್ಡದು. "ಕೇಂದ್ರದಲ್ಲಿ ಹುಟ್ಟಿದ ಕಿರಣವು ಮೇಲ್ಮೈ ತಲುಪಲು" ಎಂದು ಬರೆಸಿದ್ದೆವು. ಅಂಥ ಒಂದು ಕಿರಣ ಇಲ್ಲವೇ ಇಲ್ಲ. ಸಮ್ಮಿಲನದಲ್ಲಿ ಹುಟ್ಟುವುದು ಕಣ್ಣಿಗೆ ಕಾಣದ, ಮೈಯನ್ನು ಹಾಯ್ದುಹೋಗುವ ಗಾಮಾ ಕಿರಣ. ಅದು ಡಿಕ್ಕಿ ಹೊಡೆದೂ ಹೊಡೆದೂ ತನ್ನ ಶಕ್ತಿಯನ್ನು ಸುತ್ತಲಿನ ಕಣಗಳಿಗೆ ಹಂಚಿ ಇಲ್ಲವಾಗುತ್ತದೆ. ಆ ಬಿಸಿ ಅನಿಲ ಎಕ್ಸ್-ಕಿರಣಗಳನ್ನು ಸೂಸುತ್ತದೆ. ಅವೂ ನುಂಗಲ್ಪಟ್ಟು, ಹೊರಗೆ ಬಂದಂತೆ ಅನಿಲ ತಂಪಾಗುತ್ತ, ಹೊಸದಾಗಿ ಹುಟ್ಟುವ ಫೋಟಾನುಗಳು ಇನ್ನೂ ಸೌಮ್ಯವಾಗುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ. ಒಳಗೆ ಒಂದು ಗಾಮಾ ಫೋಟಾನಾಗಿದ್ದ ಶಕ್ತಿ ಮೇಲ್ಮೈಗೆ ಬರುವ ಹೊತ್ತಿಗೆ ಲಕ್ಷಾಂತರ ಸಾಮಾನ್ಯ ಬೆಳಕಿನ ಫೋಟಾನುಗಳಾಗಿ ಚಿಲ್ಲರೆಯಾಗಿರುತ್ತದೆ. ದೊಡ್ಡ ನೋಟನ್ನು ಸಂತೆಯಲ್ಲಿ ಮುರಿಸುತ್ತ ಮುರಿಸುತ್ತ ಕೊನೆಗೆ ಬಿಡಿ ಕಾಸಾದಂತೆ. ಮೊತ್ತ ಅದೇ, ನೋಟು ಮಾತ್ರ ಅದಲ್ಲ. ಆದ್ದರಿಂದ ಹಳೆಯದು ಶಕ್ತಿ, ಕಿರಣವಲ್ಲ. ಇಂದು ಅಂಗಳದ ಮೆಣಸಿನಕಾಯಿ ಒಣಗಿಸುತ್ತಿರುವ ಫೋಟಾನಿಗೆ ಎಂಟು ನಿಮಿಷವಷ್ಟೇ ವಯಸ್ಸು.

ದಿಕ್ಕೇ ಗೊತ್ತಿಲ್ಲದಿದ್ದರೆ ಶಕ್ತಿ ಹೊರಗೇ ಏಕೆ ಬರುತ್ತದೆ ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಸೂರ್ಯನೊಳಗೆ ಒಂದು ಕಿಲೋಮೀಟರ್ ಹೊರಗೆ ಬಂದರೆ ಬಿಸಿ ಸರಾಸರಿಯಲ್ಲಿ ಇಪ್ಪತ್ತು ಡಿಗ್ರಿ ಮಾತ್ರ ಇಳಿಯುತ್ತದೆ. ಲಕ್ಷಾಂತರ ಡಿಗ್ರಿಯ ಕುಲುಮೆಯಲ್ಲಿ ಅದು ಏನೂ ಅಲ್ಲ. ಫೋಟಾನಿನ ಒಂದು ಮಿಲಿಮೀಟರ್ ಹೆಜ್ಜೆಯಲ್ಲಂತೂ ಒಳಗೂ ಹೊರಗೂ ಒಂದೇ ಬಿಸಿ ಎನ್ನಬಹುದು. ಆದರೂ ಒಳಬದಿಯಿಂದ ಹೊರಕ್ಕೆ ಬರುವ ಬೆಳಕು ಹೊರಬದಿಯಿಂದ ಒಳಕ್ಕೆ ಹೋಗುವ ಬೆಳಕಿಗಿಂತ ಕೂದಲೆಳೆಯಷ್ಟು ಹೆಚ್ಚು. ಆ ಎಳೆಯಷ್ಟು ಹೆಚ್ಚಳವೇ ಸೂರ್ಯನ ಹೊಳಪೆಲ್ಲ.

ಈ ಅಲೆದಾಟ ಮೇಲ್ಮೈಯವರೆಗೂ ಇಲ್ಲ. ದಾರಿಯ ಹತ್ತರಲ್ಲಿ ಏಳು ಪಾಲು ಮುಗಿದ ಮೇಲೆ ಅನಿಲವು ಬೆಳಕನ್ನು ಹಾಯಲು ಬಿಡದಷ್ಟು ಮಬ್ಬಾಗಿ, ತಳದಲ್ಲಿ ಕಾಯ್ದು, ತಾನೇ ಮೇಲೇಳತೊಡಗುತ್ತದೆ. ಒಲೆಯ ಮೇಲಿನ ಗಂಜಿಯಂತೆ ಬಿಸಿಯಾದದ್ದು ಮೇಲಕ್ಕೆ, ತಣಿದದ್ದು ಕೆಳಕ್ಕೆ. ಉಳಿದ ಎರಡು ಲಕ್ಷ ಕಿಲೋಮೀಟರನ್ನು ಶಕ್ತಿ ಹೀಗೆ ಹರಿವಿನ ಹೆಗಲೇರಿ ದಾಟುತ್ತದೆ. ಇಲ್ಲಿನದು ವಾರಗಳ ಲೆಕ್ಕ, ಸಾವಿರಾರು ವರ್ಷಗಳದಲ್ಲ. ಮೇಲ್ಮೈಯ ಚಿತ್ರಗಳಲ್ಲಿ ಕಾಣುವ ಅಕ್ಕಿಕಾಳಿನಂಥ ಚುಕ್ಕೆಗಳು ಈ ಕುದಿತದ ತಲೆಗಳು. ಒಂದೊಂದೂ ಸುಮಾರು ಸಾವಿರ ಕಿಲೋಮೀಟರ್ ಅಗಲ.

ಇಷ್ಟು ಕೇಳಿದ ಮೇಲೆ ಆ ವಿದ್ಯಾರ್ಥಿನಿ ಕೇಳಿದ ಎರಡನೆಯ ಪ್ರಶ್ನೆ ನಮ್ಮನ್ನು ಇನ್ನಷ್ಟು ಓದಿಸಿತು. "ಹಂಗಾದ್ರ ಒಳಗಿನ ಒಲಿ ಆರಿಹೋಗಿದ್ರ ನಮಗ ಗೊತ್ತಾಗೂದು ಯಾವಾಗ?"

ಇದು ಮಕ್ಕಳ ಕುಚೋದ್ಯವಲ್ಲ. ವಿಜ್ಞಾನಿಗಳೇ ಇದನ್ನು ಗಂಭೀರವಾಗಿ ಕೇಳಿದ ಕಾಲವೊಂದಿತ್ತು. ಸಮ್ಮಿಲನದಲ್ಲಿ ಬೆಳಕಿನ ಜೊತೆಗೆ ನ್ಯೂಟ್ರಿನೋ ಎಂಬ ಕಣವೂ ಹುಟ್ಟುತ್ತದೆ. ಅದಕ್ಕೆ ಎಲೆಕ್ಟ್ರಾನುಗಳ ಜಾತ್ರೆ ಲೆಕ್ಕಕ್ಕೇ ಇಲ್ಲ. ಎರಡು ಸೆಕೆಂಡು ಚಿಲ್ಲರೆಯಲ್ಲಿ ಸೂರ್ಯನಿಂದ ಹೊರಬಿದ್ದು ಎಂಟು ನಿಮಿಷದಲ್ಲಿ ನಮ್ಮನ್ನು, ಭೂಮಿಯನ್ನೂ ಹಾಯ್ದುಹೋಗುತ್ತದೆ. ಹಾಗಾಗಿ ಸೂರ್ಯಗರ್ಭದ ಇಂದಿನ ವರ್ತಮಾನ ತರುವುದು ನ್ಯೂಟ್ರಿನೋ ಮಾತ್ರ. ಆದರೆ ಯಾವುದಕ್ಕೂ ಸಿಕ್ಕದ ಕಣವನ್ನು ಹಿಡಿಯುವುದೂ ಕಷ್ಟ. ಅದಕ್ಕಾಗಿ ಬೇರೆ ಕಿರಣಗಳು ತಲುಪದ ಆಳದ ಗಣಿಗಳನ್ನು ಹುಡುಕುತ್ತಾರೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಅವು ಸೂರ್ಯನವಲ್ಲ, ನಮ್ಮ ವಾಯುಮಂಡಲದಲ್ಲಿ ಹುಟ್ಟಿದವು. ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಲು ಹೊರಟವರು ರೇಮಂಡ್ ಡೇವಿಸ್, ಅಮೆರಿಕದ ಹೋಮ್‌ಸ್ಟೇಕ್ ಎಂಬ ಇನ್ನೊಂದು ಚಿನ್ನದ ಗಣಿಯಲ್ಲಿ. ಅವರಿಗೆ ಸಿಕ್ಕದ್ದು ನಿರೀಕ್ಷಿಸಿದ್ದರ ಮೂರರಲ್ಲೊಂದು ಪಾಲಷ್ಟೇ.

ಆಗ ಹುಟ್ಟಿದ ಹಲವು ಊಹೆಗಳಲ್ಲಿ ಒಂದು ಹೀಗಿತ್ತು: ಒಳಗಿನ ಒಲೆ ಸದ್ಯಕ್ಕೆ ಮಂದವಾಗಿರಬಹುದು, ನಮಗೆ ಕಾಣುತ್ತಿರುವ ಬೆಳಕು ಹಳೆಯ ದಾಸ್ತಾನು. ಬೆಳಕನ್ನು ಮಾತ್ರ ನೋಡುವವರು ಇದನ್ನು ಅಲ್ಲಗಳೆಯುವಂತಿರಲಿಲ್ಲ. 2001 ಮತ್ತು 2002ರಲ್ಲಿ ಕೆನಡಾದ ಸಡ್‌ಬರಿ ಪ್ರಯೋಗಾಲಯದವರು, ನ್ಯೂಟ್ರಿನೋಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತವೆ, ಎಲ್ಲ ಬಗೆಯವನ್ನೂ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ತೋರಿಸಿದರು. 2014ರಲ್ಲಿ ಇಟಲಿಯ ಬೋರೆಕ್ಸಿನೋ ಪ್ರಯೋಗವು ಸೂರ್ಯನ ಮೂಲ ಸಮ್ಮಿಲನದ ನ್ಯೂಟ್ರಿನೋಗಳನ್ನೇ ನೇರವಾಗಿ ಅಳೆಯಿತು. ಅವು ಹೇಳುವ ಇಂದಿನ ಒಲೆಯ ಬಿಸಿಗೂ, ಬೆಳಕು ಹೇಳುವ ಹಳೆಯ ಒಲೆಯ ಬಿಸಿಗೂ, ನೂರಕ್ಕೆ ಹತ್ತರ ಆಸುಪಾಸಿನ ಅಳತೆಯ ಅನುಮಾನದೊಳಗೆ ತಾಳೆಯಿದೆ. ಒಲೆ ಆರಿಲ್ಲ.

ಆರಿದ್ದರೆ? 1,70,000 ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, 1980ರ ಗ್ರಹಣದಂತೆ, ದಿಢೀರನೆ ಕತ್ತಲಾಗುತ್ತಿತ್ತೇ? ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಅದೂ ತಪ್ಪು. ಸೂರ್ಯನೊಳಗಿನ ಶಾಖವೆಲ್ಲ ಬೆಳಕಿನ ರೂಪದಲ್ಲಿಲ್ಲ. ಬೆಳಕಿನಲ್ಲಿರುವುದು ಅತ್ಯಲ್ಪ ಪಾಲು, ಮಿಕ್ಕದ್ದೆಲ್ಲ ಓಡಾಡುವ ಅನಿಲದ ಕಣಗಳಲ್ಲಿದೆ. ಪ್ರತಿ ಡಿಕ್ಕಿಯಲ್ಲಿಯೂ ಈ ಎರಡರ ನಡುವೆ ಕೊಡುಕೊಳ್ಳುವಿಕೆ ನಡೆದಿರುತ್ತದೆ. ಊರ ಕೆರೆಗೆ ಬರುವ ಹಳ್ಳ ಬತ್ತಿದರೂ ತೂಬಿನಲ್ಲಿ ನೀರು ಕೂಡಲೇ ನಿಲ್ಲುವುದಿಲ್ಲ. ಎಷ್ಟು ದಿನ ಬರುತ್ತದೆ ಎಂಬುದನ್ನು ಕೆರೆಯ ನೀರನ್ನು ತೂಬಿನ ಹರಿವಿನಿಂದ ಭಾಗಿಸಿ ತಿಳಿಯಬೇಕು. ಸೂರ್ಯನ ಶಾಖದ ದಾಸ್ತಾನನ್ನು ಅವನ ಹೊಳಪಿನಿಂದ ಭಾಗಿಸಿದರೆ ಬರುವುದು ಸುಮಾರು ಮೂರು ಕೋಟಿ ವರ್ಷ. ಶಕ್ತಿ ಹೊರಬರುವ ಕಾಲವೆಂದು ನಿಜವಾಗಿ ಹೇಳಬೇಕಾದದ್ದು ಇದನ್ನೇ ಎಂದು ಜರ್ಮನಿಯ ಮಿಖಾಯೆಲ್ ಸ್ಟಿಕ್ಸ್ 2003ರಲ್ಲಿ ವಾದಿಸಿದರು. ಫೋಟಾನಿನ ಅಲೆದಾಟಕ್ಕೆ 1,70,000 ವರ್ಷ. ಶಾಖದ ಇಡೀ ದಾಸ್ತಾನು ಬದಲಾಗಲು ಮೂರು ಕೋಟಿ ವರ್ಷ. ಇವು ಎರಡು ಬೇರೆ ಪ್ರಶ್ನೆಗಳ ಉತ್ತರಗಳು. ನಮ್ಮ ಟಿಪ್ಪಣಿ ಎರಡನ್ನೂ ಕೇಳಿರಲಿಲ್ಲ.

ಆ ವಿದ್ಯಾರ್ಥಿನಿ ಇಂದು ಈ ಸಭೆಯಲ್ಲಿದ್ದಾಳೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಹೆಸರು ಹೇಳಬೇಡಿರೆಂದು ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದಾಳೆ. ಆಕೆಯ ಉತ್ತರಪತ್ರಿಕೆಯನ್ನು ಇಷ್ಟು ವರ್ಷ ನಮ್ಮ ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದೆವು. ಕೆಂಪು ಗೆರೆಯನ್ನು ಅಳಿಸಲಾಗಲಿಲ್ಲ. ಅದರ ಪಕ್ಕದಲ್ಲಿ ಎರಡು ಅಂಕ ಸೇರಿಸಿ, ದಿನಾಂಕ ಹಾಕಿ, ಸಹಿ ಮಾಡಿ ತಂದಿದ್ದೇವೆ. ಸಭೆ ಮುಗಿದ ಮೇಲೆ ಆಕೆ ಅದನ್ನು ತೆಗೆದುಕೊಂಡು ಹೋಗಬೇಕು.